ಮೆಹಂದಿ ಎಲೆಯಲ್ಲಿ ಕಪ್ಪು ಬಣ್ಣವಿಲ್ಲ

ಚಿಕ್ಕಮ್ಮ ಆ ಬೆಳಿಗ್ಗೆ ಎದ್ದಾಗ ಕಣ್ಣು ಬಿಡಲು ಆಗುತ್ತಿರಲಿಲ್ಲ. ಎರಡೂ ರೆಪ್ಪೆಗಳು ಊದಿಕೊಂಡು ಸಣ್ಣ ಸೀಳಿನಷ್ಟೇ ಜಾಗ ಉಳಿದಿತ್ತು. ಹಣೆಯ ಮೇಲೆ ಕೂದಲು ಶುರುವಾಗುವ ಅಂಚಿನುದ್ದಕ್ಕೂ ಚರ್ಮ ಕೆಂಪಾಗಿತ್ತು, ಕಿವಿಯ ಹಿಂದೆ ನೀರು ಒಸರುವ ಸಣ್ಣ ಗುಳ್ಳೆಗಳು ಎದ್ದಿದ್ದವು. ಚರ್ಮದ ಡಾಕ್ಟರು ನೋಡಿದ ಕೂಡಲೇ ಕೇಳಿದರು: "ತಲೆಗೆ ಏನು ಹಚ್ಚಿದ್ರಿ ಅಮ್ಮ?"

"ಏನೂ ಇಲ್ಲ ಡಾಕ್ಟ್ರೇ. ನಾನು ಡೈ ಮುಟ್ಟೋದೇ ಇಲ್ಲ. ಬರೀ ಮೆಹಂದಿ."

"ಕೆಂಪಾಗೋ ಮೆಹಂದಿನಾ, ಕಪ್ಪಾಗೋ ಮೆಹಂದಿನಾ?"

"ಕಪ್ಪು ಮೆಹಂದಿ."

ಡಾಕ್ಟರು ಪೆನ್ನು ಕೆಳಗಿಟ್ಟರು. "ಮೆಹಂದಿ ಕಪ್ಪಾಗಲ್ಲ ಅಮ್ಮ. ಅದು ಕಪ್ಪಾಯ್ತು ಅಂದ್ರೆ ಒಳಗೆ ಬೇರೇನೋ ಇದೆ."

ಆ ಮಾತನ್ನು ಪಕ್ಕದಲ್ಲೇ ಕೂತು ಕೇಳಿಸಿಕೊಂಡ ನಾನು ಮನೆಗೆ ಬಂದವಳೇ ಪ್ಯಾಕೆಟ್ ಹುಡುಕಿ ತೆಗೆದೆ. ಮುಂಭಾಗದಲ್ಲಿ ದೊಡ್ಡದಾಗಿ ಹಸಿರು ಎಲೆಯ ಚಿತ್ರ. ಹಿಂಭಾಗದಲ್ಲಿ, ಭೂತಗನ್ನಡಿ ಬೇಕಾಗುವಷ್ಟು ಸಣ್ಣ ಅಕ್ಷರದಲ್ಲಿ, ಪಿ-ಫಿನೈಲೀನ್‌ಡಯಮೀನ್, ಬೇರಿಯಂ ಪೆರಾಕ್ಸೈಡ್, ಸಿಟ್ರಿಕ್ ಆಸಿಡ್, ಕೊನೆಗೆ ಮೆಹಂದಿ ಪುಡಿ. ಡೈ ಬೇಡವೆಂದು ಮೆಹಂದಿ ಹಿಡಿದಿದ್ದ ಚಿಕ್ಕಮ್ಮ ಅಷ್ಟು ವರ್ಷ ತಲೆಗೆ ಹಚ್ಚಿಕೊಂಡಿದ್ದು ಡೈಯನ್ನೇ.

ಮೆಹಂದಿ ಪುಡಿ ಕೂದಲಿಗೆ ಏನು ಮಾಡುತ್ತದೆ, ಅದನ್ನು ಕಲಸುವುದು ಹೇಗೆ ಎಂಬುದು ಸರಿಯಾಗಿ ಗೊತ್ತಿದ್ದರೆ ಅದರಿಂದ ಏನು ಆಗಲು ಸಾಧ್ಯವಿಲ್ಲ ಎಂಬುದೂ ಗೊತ್ತಾಗುತ್ತದೆ. ಕಪ್ಪು ಮೆಹಂದಿಯ ಗುಟ್ಟು ಇರುವುದು ಅಲ್ಲೇ. ಆದ್ದರಿಂದ ಎಲೆಯಿಂದಲೇ ಶುರು ಮಾಡುತ್ತೇನೆ.

ಗೋರಂಟಿ, ಮದರಂಗಿ, ಮೆಹಂದಿ ಎಂದು ನಾವು ಕರೆಯುವ ಗಿಡದ ಸಸ್ಯಶಾಸ್ತ್ರದ ಹೆಸರು ಲಾಸೋನಿಯಾ ಇನರ್ಮಿಸ್. ಇದರ ಎಲೆಯಲ್ಲಿ ಬಣ್ಣ ಕೊಡುವುದು ಲಾಸೋನ್ ಎಂಬ ಒಂದು ವಸ್ತು. ಒಣ ಎಲೆಯ ತೂಕದಲ್ಲಿ ಅದು ಇರುವುದು ಶೇಕಡಾ ಒಂದರ ಆಸುಪಾಸು ಅಷ್ಟೇ. ಅದೂ ಎಲೆಯೊಳಗೆ ನೇರವಾಗಿ ಲಾಸೋನ್ ಆಗಿ ಕೂತಿರುವುದಿಲ್ಲ. ಸಕ್ಕರೆಯ ಅಣುವಿಗೆ ಅಂಟಿಕೊಂಡು, ಬಣ್ಣವಿಲ್ಲದ ರೂಪದಲ್ಲಿ ಇರುತ್ತದೆ. ಎಲೆಯನ್ನು ಪುಡಿ ಮಾಡಿ ನೀರು ಹಾಕಿ ಬಿಟ್ಟಾಗ ಆ ಸಕ್ಕರೆ ಕಳಚಿ, ಗಾಳಿಯ ಆಮ್ಲಜನಕ ತಾಗಿ, ಲಾಸೋನ್ ಹುಟ್ಟುತ್ತದೆ. ಕಲಸಿದ ಮೆಹಂದಿಯನ್ನು ಕೆಲವು ಗಂಟೆ ನೆನೆಯಲು ಬಿಡುವುದು ಇದಕ್ಕೇ.

ಲಾಸೋನ್‌ನ ಬಣ್ಣ ಕೆಂಪು ಬೆರೆತ ಕಿತ್ತಳೆ, ಬೇರೆ ಬಣ್ಣ ಅದಕ್ಕಿಲ್ಲ. ಬಿಳಿ ಕೂದಲಿಗೆ ತಾಗಿದರೆ ಮೊದಲ ದಿನ ಎದ್ದು ಕಾಣುವ ಕಿತ್ತಳೆ, ಎರಡು ಮೂರು ದಿನದಲ್ಲಿ ತಾಮ್ರದ ಬಣ್ಣಕ್ಕೆ ಇಳಿಯುತ್ತದೆ. ಕಪ್ಪು ಕೂದಲಿಗೆ ತಾಗಿದರೆ ಬಿಸಿಲಿನಲ್ಲಿ ನಿಂತಾಗ ಮಾತ್ರ ಒಂದು ಕೆಂಪು ಛಾಯೆ ಕಾಣುತ್ತದೆ. ಇದ್ದ ಬಣ್ಣದ ಮೇಲೆ ಪದರವಾಗಿ ಕೂರುವುದಷ್ಟೇ ಅದರ ಕೆಲಸ.

ಕೂದಲಿಗೆ ಮೆಹಂದಿಯಿಂದ ಮೃದುತನ, ಹೊಳಪು ಬರುತ್ತದೆ ಎನ್ನುವುದರ ಮೂಲವೂ ಇದೇ ಅಂಟುವ ಗುಣ. ಕೂದಲು ಕೆರಾಟಿನ್ ಎಂಬ ಪ್ರೋಟೀನಿನಿಂದ ಆಗಿದೆ. ಹೊರಗಡೆ ಮೀನಿನ ಮೈಮೇಲಿನಂತೆ ಒಂದರ ಮೇಲೊಂದು ಮಲಗಿದ ಸಣ್ಣ ಹುರುಪೆಗಳಿರುತ್ತವೆ. ಲಾಸೋನ್ ಕೆರಾಟಿನ್ನಿಗೆ ರಾಸಾಯನಿಕವಾಗಿಯೇ ಬೆಸೆದುಕೊಂಡು ಹೆಚ್ಚಾಗಿ ಈ ಹೊರಪದರದಲ್ಲಿ ನಿಲ್ಲುತ್ತದೆ. ಹುರುಪೆಗಳು ಹೆಚ್ಚು ಸಮವಾಗಿ ಮಲಗುವುದರಿಂದ ಬೆಳಕು ಚೆನ್ನಾಗಿ ಹೊಳೆಯುತ್ತದೆ, ಎಳೆ ಸ್ವಲ್ಪ ದಪ್ಪವಾದಂತೆ ಕೈಗೆ ಸಿಗುತ್ತದೆ. ತೆಳ್ಳಗೆ ಜೋಲುವ ಕೂದಲಿನವರಿಗೆ ಇದು ಚೆನ್ನಾಗಿ ಗೊತ್ತಾಗುತ್ತದೆ. ಆದರೆ ಮೆಹಂದಿ ಬುಡಕ್ಕೆ ಪೋಷಣೆ ಕೊಡುವುದಿಲ್ಲ, ಉದುರುವುದನ್ನು ನಿಲ್ಲಿಸುವುದಿಲ್ಲ, ಹೊಸ ಕೂದಲು ಹುಟ್ಟಿಸುವುದಿಲ್ಲ. ತೇವಾಂಶವನ್ನೂ ಕೊಡುವುದಿಲ್ಲ. ಹಚ್ಚಿ ತೊಳೆದ ಮೊದಲೆರಡು ದಿನ ಕೂದಲು ಒಣ ಹುಲ್ಲಿನಂತೆ ಅನ್ನಿಸುವುದು ಸಹಜ. ಆ ಒರಟುತನವನ್ನು ಎಣ್ಣೆಯೋ ಕಂಡಿಷನರೋ ಸರಿಪಡಿಸಬೇಕು.

ಈಗ ಕಲಸುವ ವಿಷಯ. ಭುಜದವರೆಗಿನ ಕೂದಲಿಗೆ 100 ಗ್ರಾಂ ಪುಡಿ ಸಾಕು, ಸೊಂಟದವರೆಗಿದ್ದರೆ ಇದರ ಎರಡರಷ್ಟಾದರೂ ಬೇಕು. ಮೊದಲು ಪುಡಿಯನ್ನೇ ನೋಡಿ. ಒಳ್ಳೆಯ ಮೆಹಂದಿ ಪುಡಿ ಹಸಿರು ಬೆರೆತ ಖಾಕಿ ಬಣ್ಣಕ್ಕಿರುತ್ತದೆ, ಒಣಹುಲ್ಲಿನ ವಾಸನೆ ಬರುತ್ತದೆ. ಒಂದು ಚಿಟಿಕೆಯನ್ನು ಬೆರಳುಗಳ ನಡುವೆ ಉಜ್ಜಿದರೆ ಟಾಲ್ಕಂ ಪೌಡರಿನಂತೆ ನುಣ್ಣಗಿರಬೇಕು. ಗರಗರ ಅಂದರೆ ಮರಳು ಸೇರಿದೆ ಅಥವಾ ಕಡ್ಡಿಯನ್ನೂ ಸೇರಿಸಿ ಬೀಸಿದ್ದಾರೆ. ಇನ್ನೊಂದು ಚಿಟಿಕೆಯನ್ನು ಲೋಟದ ನೀರಿನ ಮೇಲೆ ಉದುರಿಸಿ. ತಕ್ಷಣ ನೀರಿಗೆ ಗಿಳಿಹಸಿರು ಬಿಟ್ಟುಕೊಂಡರೆ ಹಳೆಯ ಎಲೆಗೆ ಕೃತಕ ಹಸಿರು ಬಣ್ಣ ಬಳಿದಿರುವ ಸಾಧ್ಯತೆ ಹೆಚ್ಚು. ನಿಜವಾದ ಪುಡಿ ನಿಧಾನವಾಗಿ ಕಂದು ಬಣ್ಣ ಬಿಡುತ್ತದೆ.

ಪುಡಿಯನ್ನು ಗಾಜಿನ, ಸ್ಟೀಲಿನ ಅಥವಾ ಪ್ಲಾಸ್ಟಿಕ್ಕಿನ ಬಟ್ಟಲಿಗೆ ಜರಡಿ ಹಿಡಿಯಿರಿ. 100 ಗ್ರಾಮಿಗೆ ಸುಮಾರು 250ರಿಂದ 300 ಮಿಲಿಲೀಟರ್ ಉಗುರುಬೆಚ್ಚಗಿನ ನೀರು ಬೇಕು, ಆದರೆ ಒಮ್ಮೆಗೇ ಸುರಿಯಬೇಡಿ. ಪುಡಿ ನೀರು ಕುಡಿಯಲು ಸಮಯ ತೆಗೆದುಕೊಳ್ಳುತ್ತದೆ. ಮೊದಲು ಗಟ್ಟಿಯಾಗಿ ಕಲಸಿ, ಹತ್ತು ನಿಮಿಷ ಬಿಟ್ಟು, ಮತ್ತೆ ಸ್ವಲ್ಪ ಸ್ವಲ್ಪ ನೀರು ಬೆರೆಸಿ ಗಟ್ಟಿ ಮೊಸರಿನ ಹದಕ್ಕೆ ತನ್ನಿ. ಚಮಚದಲ್ಲಿ ಎತ್ತಿದರೆ ಧಾರೆಯಾಗಿ ಸುರಿಯದೆ ತೊಪ್ಪನೆ ಬೀಳಬೇಕು. ಕುದಿಯುವ ನೀರು ಬೇಡ. ಬಣ್ಣ ಬೇಗ ಬಿಡಲಿ ಎಂದು ಅನೇಕರು ಹಾಕುತ್ತಾರೆ. ಬೇಗ ಬಿಡುವುದು ನಿಜ, ಆದರೆ ಬಿಟ್ಟ ಬಣ್ಣ ಅಷ್ಟೇ ಬೇಗ ಹಾಳಾಗಿ ಕೂದಲಿಗೆ ಮಂಕಾಗಿ ಹತ್ತುತ್ತದೆ.

ನಿಂಬೆರಸದ ಬಗ್ಗೆ ಒಂದು ಮಾತು. ಸ್ವಲ್ಪ ಹುಳಿ ಇದ್ದರೆ ಲಾಸೋನ್ ನಿಧಾನವಾಗಿ, ಸಮವಾಗಿ ಬಿಡುಗಡೆಯಾಗುತ್ತದೆ, ಬಣ್ಣವೂ ಗಾಢವಾಗಿ ನಿಲ್ಲುತ್ತದೆ. ಅದಕ್ಕೆ ಒಂದೆರಡು ಚಮಚ ಸಾಕು. ನೀರಿನ ಬದಲು ಪೂರ್ತಿ ನಿಂಬೆರಸದಲ್ಲೇ ಕಲಸಿದರೆ ನೆತ್ತಿ ಉರಿಯುತ್ತದೆ, ಕೂದಲು ಒಣಗುತ್ತದೆ. ಹಚ್ಚಿದ ಮಾರನೇ ದಿನ ತುರಿಕೆ ಬಂತು ಎಂದು ದೂರುವವರಲ್ಲಿ ಕೆಲವರಿಗೆ ಆಗಿರುವುದು ಅಲರ್ಜಿಯಲ್ಲ, ಹುಳಿಯ ಉರಿ.

ಮೊಸರು, ಮೊಟ್ಟೆ ಸೇರಿಸುವ ವಿಷಯದಲ್ಲಿ ಎರಡು ಮಾತು ಚಾಲ್ತಿಯಲ್ಲಿದೆ: ಸೇರಿಸಲೇಬೇಕು, ಸೇರಿಸಲೇಬಾರದು. ಎರಡೂ ಅರ್ಧ ಸರಿ. ಲಾಸೋನ್ ಅಂಟುವುದು ಪ್ರೋಟೀನಿಗೆ ಎಂದೆನಲ್ಲ, ಅದಕ್ಕೆ ಕೂದಲಿನ ಪ್ರೋಟೀನೋ ಮೊಸರಿನ ಪ್ರೋಟೀನೋ ಎಂಬ ಭೇದವಿಲ್ಲ. ಬಟ್ಟಲಿಗೆ ಮೊಸರು ಬಿದ್ದರೆ ಒಂದಷ್ಟು ಬಣ್ಣ ಅಲ್ಲೇ ಮುಗಿದುಹೋಗುತ್ತದೆ. ಬಿಳಿ ಕೂದಲು ಮುಚ್ಚಬೇಕೆನ್ನುವವರಿಗೆ ಅದು ನಷ್ಟ. ಹೊಳಪು ಮಾತ್ರ ಬೇಕು, ಕೆಂಪು ಹೆಚ್ಚು ಬೇಡ ಎನ್ನುವವರಿಗೆ ಅದೇ ಅನುಕೂಲ, ಒಣಗುವಿಕೆಯೂ ಸ್ವಲ್ಪ ತಗ್ಗುತ್ತದೆ. ಎಣ್ಣೆಯನ್ನು ಮಾತ್ರ ಬಟ್ಟಲಿಗೆ ಹಾಕಬೇಡಿ ಎನ್ನುತ್ತೇನೆ. ಅದು ಎಳೆಯ ಮೇಲೆ ಪೊರೆಯಾಗಿ ಕೂತು ಮೆಹಂದಿಯನ್ನು ತಾಗಗೊಡುವುದಿಲ್ಲ. ಎಣ್ಣೆ ಹಚ್ಚಬೇಕಾದ್ದು ತೊಳೆದ ಮೇಲೆ.

ಹಾಗಾಗಿ ಕಂಡಿಷನಿಂಗ್ ಸಲುವಾಗಿ ಹಚ್ಚುವ ಮೆಹಂದಿಗೂ ಬಣ್ಣದ ಸಲುವಾಗಿ ಹಚ್ಚುವ ಮೆಹಂದಿಗೂ ಕಲಸುವ ಕ್ರಮವೇ ಬೇರೆ. ಬಣ್ಣ ಬೇಕಿದ್ದರೆ ಬರೀ ನೀರು, ಒಂದೆರಡು ಚಮಚ ನಿಂಬೆರಸ. ಮುಚ್ಚಿಟ್ಟು ಕೋಣೆಯ ಸಾಧಾರಣ ಶಾಖದಲ್ಲಿ ಆರರಿಂದ ಎಂಟು ಗಂಟೆ, ಸೆಕೆ ಜೋರಿದ್ದರೆ ಮೂರು ನಾಲ್ಕು ಗಂಟೆ ನೆನೆಸಿ. ಆಗಿದೆಯೋ ಇಲ್ಲವೋ ಎಂದು ಗಡಿಯಾರ ನೋಡಿ ತಿಳಿಯುವುದಕ್ಕಿಂತ ಅಂಗೈ ನೋಡಿ ತಿಳಿಯುವುದು ಮೇಲು: ಕಡಲೆಕಾಳಿನಷ್ಟು ತೆಗೆದು ಅಂಗೈಗಿಟ್ಟು ಐದು ನಿಮಿಷ ಬಿಟ್ಟು ಒರೆಸಿ. ಕಿತ್ತಳೆ ಗುರುತು ಬಿದ್ದಿದ್ದರೆ ಹಚ್ಚಲು ಸಿದ್ಧ. ಬಟ್ಟಲಿನಲ್ಲಿ ಮೇಲ್ಪದರ ಕಂದಾಗಿ, ಕೆದಕಿದರೆ ಒಳಗೆ ಇನ್ನೂ ಹಸಿರಿರುವುದು ಇನ್ನೊಂದು ಗುರುತು. ರಾತ್ರಿಯಿಡೀ ಬಿಟ್ಟು ಒಳಗೂ ಪೂರ್ತಿ ಕಂದಾಗಿದ್ದರೆ ಹೊತ್ತು ಮೀರಿದೆ. ಹಚ್ಚಬಹುದು, ಬಣ್ಣ ಕಡಿಮೆ ಬರುತ್ತದೆ. ಹಚ್ಚಿದ ಮೇಲೆ ಎರಡರಿಂದ ನಾಲ್ಕು ಗಂಟೆ ತಲೆಯಲ್ಲಿರಬೇಕು.

ಹೊಳಪು ಮಾತ್ರ ಬೇಕಿದ್ದರೆ ಅಷ್ಟು ನೆನೆಸುವುದೇ ಬೇಡ. 100 ಗ್ರಾಂ ಪುಡಿಗೆ ಅರ್ಧ ಬಟ್ಟಲು ಮೊಸರು, ಉಳಿದದ್ದು ನೀರು. ಕಲಸಿ ಅರ್ಧ ಗಂಟೆಗೆ ಹಚ್ಚಿ, ಮುಕ್ಕಾಲು ಗಂಟೆಯಿಂದ ಒಂದು ಗಂಟೆಯೊಳಗೆ ತೊಳೆದುಬಿಡಿ. ಅಷ್ಟರಲ್ಲಿ ಸ್ವಲ್ಪವೇ ಲಾಸೋನ್ ಬಿಟ್ಟಿರುತ್ತದೆ, ಕಪ್ಪು ಕೂದಲಿನಲ್ಲಿ ಬಣ್ಣದ ವ್ಯತ್ಯಾಸ ಕಾಣುವುದೇ ಕಷ್ಟ. ಆದರೆ ನೆನಪಿರಲಿ, ಬಿಳಿ ಕೂದಲು ಇದ್ದಲ್ಲಿ ಅಷ್ಟರಲ್ಲೇ ಕಿತ್ತಳೆ ಕಾಣುತ್ತದೆ. ಬಣ್ಣವೇ ತಾಗದ ಮೆಹಂದಿ ಎಂಬುದಿಲ್ಲ. "ನ್ಯೂಟ್ರಲ್ ಹೆನ್ನಾ" ಎಂದು ಸಿಗುವುದು ಮೆಹಂದಿಯಲ್ಲ, ಕ್ಯಾಸಿಯಾ ಎಂಬ ಬೇರೆಯೇ ಗಿಡದ ಎಲೆಪುಡಿ. ಅದೂ ಬಿಳಿ ಕೂದಲಿಗೆ ತೆಳು ಹಳದಿ ಕೊಡಬಹುದು.

ಹಚ್ಚುವುದು ಶಾಂಪೂ ಹಾಕಿ ತೊಳೆದ, ಎಣ್ಣೆಯಿಲ್ಲದ ಕೂದಲಿಗೆ. ಕೈಗೆ ಗ್ಲೌಸ್, ಹಣೆಯಂಚಿಗೆ ಕಿವಿಗೆ ತೆಳ್ಳಗೆ ವ್ಯಾಸಲಿನ್. ಬೈತಲೆ ತೆಗೆಯುತ್ತಾ ಸಣ್ಣ ಸಣ್ಣ ಭಾಗ ಮಾಡಿಕೊಂಡು ದಪ್ಪಗೆ ಮೆತ್ತಿ. ಜಿಪುಣತನ ಮಾಡಿದರೆ ತೇಪೆ ತೇಪೆಯಾಗಿ ಹತ್ತುತ್ತದೆ. ಮುಗಿದ ಮೇಲೆ ಪ್ಲಾಸ್ಟಿಕ್ ಟೋಪಿ ಹಾಕಿಕೊಳ್ಳಬೇಕು. ಗಾಳಿಗೆ ಬಿಟ್ಟು ಒಣಗಿಸಿದರೆ ಬಣ್ಣ ಹತ್ತುವುದು ನಿಲ್ಲುತ್ತದೆ, ಗಟ್ಟಿಯಾದ ಮೆಹಂದಿಯನ್ನು ಬಿಡಿಸುವಾಗ ಕೂದಲೂ ಕಿತ್ತು ಬರುತ್ತದೆ. ಮೆಹಂದಿಯಿಂದ ಕೂದಲು ಉದುರಿತು ಎನ್ನುವವರನ್ನು ಕೇಳಿ ನೋಡಿ, ಅನೇಕರು ಒಣಗಿಸಿ ಉಜ್ಜಿ ತೆಗೆದವರೇ ಆಗಿರುತ್ತಾರೆ. ತೊಳೆಯುವಾಗ ಬಕೆಟ್ ನೀರಿನಲ್ಲಿ ತಲೆ ಅದ್ದಿ ಮೊದಲು ನೆನೆಸಿ, ಆಮೇಲೆ ಧಾರಾಳವಾಗಿ ಕಂಡಿಷನರ್ ಹಾಕಿ. ಪುಡಿಯ ಕಣಗಳು ಜಾರಿ ಹೋಗುತ್ತವೆ. ಶಾಂಪೂ ಎರಡು ದಿನ ಬಿಟ್ಟು.

ಪ್ರತಿ ತಿಂಗಳೂ ಬುಡದಿಂದ ತುದಿಯವರೆಗೆ ಹಚ್ಚುವುದನ್ನು ನಾನು ಒಪ್ಪುವುದಿಲ್ಲ. ಲಾಸೋನ್ ತೊಳೆದುಹೋಗುವ ಬಣ್ಣವಲ್ಲ, ಪದರದ ಮೇಲೆ ಪದರ ಕೂರುತ್ತದೆ. ವರ್ಷ ಕಳೆಯುವಷ್ಟರಲ್ಲಿ ತುದಿಗಳು ಬುಡಕ್ಕಿಂತ ಗಾಢವಾಗಿ, ಬಿರುಸಾಗಿರುತ್ತವೆ. ಗುಂಗುರು ಕೂದಲಿನವರಿಗೆ ಸುರುಳಿ ಸಡಿಲವಾಗುವುದೂ ಉಂಟು. ಪೂರ್ತಿ ಕೂದಲಿಗೆ ಎರಡು ಮೂರು ತಿಂಗಳಿಗೊಮ್ಮೆ, ನಡುವೆ ಬೇಕಿದ್ದರೆ ಬುಡಕ್ಕೆ ಮಾತ್ರ.

ಇಷ್ಟು ಓದಿದ ಮೇಲೆ ಚಿಕ್ಕಮ್ಮನ ಪ್ಯಾಕೆಟ್ಟನ್ನು ಮತ್ತೆ ನೋಡೋಣ. ಅದರ ಮೇಲೆ ಬರೆದ ವಿಧಾನ ಹೀಗಿತ್ತು: ನೀರಿನಲ್ಲಿ ಕಲಸಿ, ತಕ್ಷಣ ಹಚ್ಚಿ, ಅರ್ಧ ಗಂಟೆಗೆ ತೊಳೆಯಿರಿ, ಕಪ್ಪು. ನೆನೆಸಬೇಕಿಲ್ಲ, ಗಂಟೆಗಟ್ಟಲೆ ಕಾಯಬೇಕಿಲ್ಲ, ಬಿಳಿ ಕೂದಲು ನೇರ ಕಪ್ಪಾಗುತ್ತದೆ. ಲಾಸೋನ್ ಈ ಮೂರರಲ್ಲಿ ಒಂದನ್ನೂ ಮಾಡಲಾರದು.

ಎಲೆಗಳಿಂದಲೇ ಕಪ್ಪು ತರುವ ದಾರಿ ಒಂದಿದೆ, ಅದು ನೀಲಿ ಗಿಡದ ಎಲೆಪುಡಿ, ಇಂಡಿಗೊ. ಮೊದಲು ಮೆಹಂದಿ ಹಚ್ಚಿ ತೊಳೆದು, ಆ ಕಿತ್ತಳೆಯ ಮೇಲೆ ಇಂಡಿಗೊ ಹಚ್ಚಿದರೆ ಎರಡೂ ಸೇರಿ ಕಪ್ಪಿನಂತೆ ಕಾಣುತ್ತದೆ. ಇಂಡಿಗೊವನ್ನು ಕಲಸಿ ಹತ್ತು ಹದಿನೈದು ನಿಮಿಷಕ್ಕೇ ಹಚ್ಚಬೇಕು, ಇಟ್ಟರೆ ಶಕ್ತಿ ಹೋಗುತ್ತದೆ. ಎರಡು ಸುತ್ತಿನ ಕೆಲಸ, ಮೂರು ನಾಲ್ಕು ಗಂಟೆಗೆ ಕಡಿಮೆಯಿಲ್ಲ. ಅರ್ಧ ಗಂಟೆಯಲ್ಲಿ, ಒಂದೇ ಬಟ್ಟಲಿನಿಂದ, ಕಡುಗಪ್ಪು ಬಂತೆಂದರೆ ಅದು ಇಂಡಿಗೊವೂ ಅಲ್ಲ. ಬಹುಪಾಲು ಅದು ಪ್ಯಾರಾ-ಫಿನೈಲೀನ್‌ಡಯಮೀನ್, ಚಿಕ್ಕದಾಗಿ ಪಿಪಿಡಿ.

ಪಿಪಿಡಿ ಮೂಲದಲ್ಲಿ ಬಣ್ಣವೇ ಅಲ್ಲ. ಹೆಚ್ಚುಕಡಿಮೆ ಬಣ್ಣವಿಲ್ಲದ, ತೀರಾ ಸಣ್ಣ ಅಣು ಅದು. ಆಮ್ಲಜನಕ ಕೊಡುವ ವಸ್ತುವೊಂದು ಜೊತೆಗಿದ್ದರೆ ಈ ಸಣ್ಣ ಅಣುಗಳು ಕೂದಲಿನ ಒಳಹೊಕ್ಕು ಒಂದಕ್ಕೊಂದು ಕೂಡಿಕೊಂಡು ದೊಡ್ಡದಾದ ಗಾಢ ಬಣ್ಣದ ಅಣುಗಳಾಗುತ್ತವೆ, ಹೊರಬರಲಾರದೆ ಅಲ್ಲೇ ಉಳಿಯುತ್ತವೆ. ಟ್ಯೂಬಿನಲ್ಲಿ ಬರುವ ಡೈಗಳಲ್ಲಿ ಆ ಆಮ್ಲಜನಕ ಕೊಡುವುದು ಎರಡನೇ ಬಾಟಲಿಯ ಹೈಡ್ರೋಜನ್ ಪೆರಾಕ್ಸೈಡ್. ಪುಡಿಯಲ್ಲಿ ಬಾಟಲಿ ಇಡಲಾಗದು, ಅದಕ್ಕೇ ಬೇರಿಯಂ ಪೆರಾಕ್ಸೈಡ್. ನೀರು ತಾಗುವವರೆಗೆ ಸುಮ್ಮನಿದ್ದು, ತಾಗಿದ ಮೇಲೆ ಕೆಲಸ ಶುರು ಮಾಡುತ್ತದೆ. ನೀರು ಹಾಕಿ ಕಲಸುವ ಹಸಿರು ಪುಡಿಯಾದ್ದರಿಂದ ನೋಡಲು ಥೇಟ್ ಮೆಹಂದಿ. ಚಿಕ್ಕಮ್ಮ ನಂಬಿದ್ದರಲ್ಲಿ ಆಶ್ಚರ್ಯವಿಲ್ಲ.

ಕೂದಲೊಳಗೆ ನುಗ್ಗುವಷ್ಟು ಸಣ್ಣ ಅಣು ಚರ್ಮದೊಳಗೂ ನುಗ್ಗುತ್ತದೆ. ಅಲ್ಲಿ ಅದು ಮಾರ್ಪಟ್ಟು ಚರ್ಮದ ಪ್ರೋಟೀನಿಗೆ ಅಂಟಿಕೊಳ್ಳುತ್ತದೆ. ಚರ್ಮದಲ್ಲಿ ಕಾವಲಿಗಿರುವ ಜೀವಕೋಶಗಳು ಈ ಹೊಸ ಜೋಡಿಯನ್ನು ನೋಡಿ ಪರಕೀಯ ಎಂದು ತೀರ್ಮಾನಿಸಿದರೆ, ಅದರ ಗುರುತನ್ನು ಹತ್ತಿರದ ದುಗ್ಧಗ್ರಂಥಿಗೆ ಒಯ್ದು ಟಿ-ಕೋಶಗಳೆಂಬ ಬಿಳಿ ರಕ್ತಕಣಗಳಿಗೆ ಕಲಿಸುತ್ತವೆ. ಈ ಕಲಿಕೆಗೆ ಎರಡು ವಾರದಷ್ಟು ಬೇಕು. ಕಲಿಯುವ ಹಂತದಲ್ಲಿ ಹೊರಗೆ ಏನೂ ಕಾಣದಿರಬಹುದು. ಕಲಿತ ಮೇಲೆ ಮಾತ್ರ ಮರೆಯುವುದಿಲ್ಲ, ಸಾಮಾನ್ಯವಾಗಿ ಜೀವನಪೂರ್ತಿ. ಮುಂದಿನ ಸಲ ಪಿಪಿಡಿ ತಾಗಿದಾಗ ಒಂದರಿಂದ ಮೂರು ದಿನದೊಳಗೆ ದಾಳಿ ನಡೆಯುತ್ತದೆ. ಅದೇ ನಾವು ನೋಡುವ ಕೆಂಪು, ತುರಿಕೆ, ಗುಳ್ಳೆ.

"ಆರು ವರ್ಷದಿಂದ ಹಚ್ತಿದೀನಿ, ಅಲರ್ಜಿ ಆಗೋದಾಗಿದ್ರೆ ಅವತ್ತೇ ಆಗ್ಬೇಕಿತ್ತಲ್ವಾ?" ಎಂದು ಚಿಕ್ಕಮ್ಮ ಕೇಳಿದ್ದಕ್ಕೆ ಉತ್ತರ ಇದೇ. ಶರೀರ ಯಾವ ಸಲದ ಹಚ್ಚುವಿಕೆಯಲ್ಲಿ ಕಲಿಯುತ್ತದೆ ಎಂದು ಮೊದಲೇ ಹೇಳಲಾಗದು. ಎರಡನೇ ಸಲವೂ ಆಗಬಹುದು, ಅರವತ್ತನೇ ಸಲವೂ ಆಗಬಹುದು. ಹಿಂದೆ ಏನೂ ಆಗಿಲ್ಲ ಎಂಬುದು ಮುಂದಿನ ಸಲಕ್ಕೆ ರಕ್ಷೆಯಲ್ಲ.

ಡಾಕ್ಟರು ಬಿಡಿಸಿ ಬಿಡಿಸಿ ಕೇಳಿದಾಗ ಹಿಂದಿನ ಕತೆಯೂ ಹೊರಬಂತು. ಮೂರು ತಿಂಗಳ ಹಿಂದೆ ಹಚ್ಚಿದ ಮೂರನೇ ದಿನ ಕಿವಿಯ ಹಿಂದೆ ಸ್ವಲ್ಪ ಕಡಿತ, ಎರಡು ದಿನದಲ್ಲಿ ತಾನಾಗಿ ಹೋಯಿತು. ಆರು ವಾರದ ಹಿಂದೆ ಮತ್ತೆ ಹಚ್ಚಿದಾಗ ಎರಡನೇ ದಿನಕ್ಕೇ ಕಡಿತ, ಕಿವಿಯಂಚಿನಲ್ಲಿ ಹೊಟ್ಟಿನಂತೆ ಚರ್ಮ ಏಳುವುದು, ಒಂದು ವಾರ. ಸೆಕೆಗೆ ಆಗಿರಬೇಕು ಎಂದುಕೊಂಡರು. ಈ ಸಲ ಭಾನುವಾರ ಬೆಳಿಗ್ಗೆ ಹಚ್ಚಿ, ಸೋಮವಾರ ಬೆಳಿಗ್ಗೆ ನೆತ್ತಿಯಲ್ಲಿ ಉರಿ, ಮಂಗಳವಾರ ಕಣ್ಣು ಮುಚ್ಚಿಹೋಯಿತು. ಪ್ರತಿ ಸಲವೂ ಮೊದಲಿಗಿಂತ ಬೇಗ, ಮೊದಲಿಗಿಂತ ಜೋರು. ಕಲಿತ ಶರೀರ ತೋರಿಸುವ ಲಕ್ಷಣವೇ ಇದು. ಮೊದಲ ಸಲದ ಸಣ್ಣ ಕಡಿತಕ್ಕೇ ಪ್ಯಾಕೆಟ್ ಬಿಸಾಡಿದ್ದರೆ ಇಷ್ಟಾಗುತ್ತಿರಲಿಲ್ಲ.

ಹಚ್ಚಿದ್ದು ತಲೆಗೆ, ಊದಿದ್ದು ಕಣ್ಣು, ಹೇಗೆ? ನೆತ್ತಿಯ ಚರ್ಮ ದಪ್ಪ, ರೆಪ್ಪೆಯದು ಮೈಯಲ್ಲೇ ತೀರಾ ತೆಳು, ಅದರಡಿ ನೀರು ಸುಲಭವಾಗಿ ತುಂಬಿಕೊಳ್ಳುತ್ತದೆ. ಹಾಗಾಗಿ ಕೂದಲ ಬಣ್ಣದ ಅಲರ್ಜಿಯಲ್ಲಿ ನೆತ್ತಿ ಅಷ್ಟಾಗಿ ತೋರಿಸಿಕೊಳ್ಳದೆ ರೆಪ್ಪೆ, ಕಿವಿ, ಹಣೆಯಂಚು, ಕತ್ತಿನ ಹಿಂಭಾಗ ದೊಡ್ಡದಾಗಿ ತೋರಿಸುತ್ತವೆ. ಕಣ್ಣಿನ ತೊಂದರೆಯೆಂದು ಹನಿ ಹಾಕಿಕೊಂಡು ಕೂತರೆ ಹೊತ್ತು ವ್ಯರ್ಥ.

ಹೀಗಾದಾಗ ಮೊದಲ ಕೆಲಸ ತಲೆಯನ್ನು ಸಾಕಷ್ಟು ನೀರಿನಲ್ಲಿ, ಮೆದು ಶಾಂಪೂ ಹಾಕಿ ಚೆನ್ನಾಗಿ ತೊಳೆಯುವುದು, ಪ್ಯಾಕೆಟ್ಟನ್ನು ಎಸೆಯದೆ ಡಾಕ್ಟರ ಬಳಿ ಒಯ್ಯುವುದು. ಚಿಕ್ಕಮ್ಮನಿಗೆ ಕೆಲವು ದಿನ ಸ್ಟಿರಾಯ್ಡ್ ಮಾತ್ರೆ, ನೆತ್ತಿಗೆ ಸ್ಟಿರಾಯ್ಡ್ ಲೋಷನ್ ಕೊಟ್ಟರು. ಊತ ಇಳಿಯಲು ನಾಲ್ಕು ದಿನ, ಸಿಪ್ಪೆ ಎದ್ದು ಚರ್ಮ ಸರಿಹೋಗಲು ಮೂರು ವಾರ ಹಿಡಿಯಿತು. ತುಟಿ ನಾಲಿಗೆ ಊದುವುದು, ಉಸಿರು ಕಟ್ಟುವುದು, ತಲೆ ಸುತ್ತಿ ಬೀಳುವಂತಾಗುವುದು ಅಪರೂಪ. ಆದರೆ ಹಾಗಾದಲ್ಲಿ ಒಂದು ನಿಮಿಷವೂ ಕಾಯದೆ ತುರ್ತು ಚಿಕಿತ್ಸೆಗೆ ಓಡಬೇಕು.

ಚರ್ಮ ಪೂರ್ತಿ ವಾಸಿಯಾಗಿ, ಮಾತ್ರೆ ನಿಂತು ಕೆಲವು ವಾರ ಕಳೆದ ಮೇಲೆ ಡಾಕ್ಟರು ಪ್ಯಾಚ್ ಟೆಸ್ಟ್ ಮಾಡಿದರು. ಬೆನ್ನ ಮೇಲೆ ಸಣ್ಣ ಸಣ್ಣ ಬಿಲ್ಲೆಗಳನ್ನು ಸಾಲಾಗಿ ಅಂಟಿಸುತ್ತಾರೆ, ಪ್ರತಿಯೊಂದರಲ್ಲೂ ಅಲರ್ಜಿ ತರಬಹುದಾದ ಒಂದೊಂದು ವಸ್ತು. ಅದರಲ್ಲೊಂದು ವ್ಯಾಸಲಿನ್‌ನಲ್ಲಿ ಶೇ 1ರಷ್ಟು ಬೆರೆಸಿದ ಪಿಪಿಡಿ. 48 ಗಂಟೆ ಬೆನ್ನು ಒದ್ದೆ ಮಾಡುವಂತಿಲ್ಲ. ಬಿಲ್ಲೆ ತೆಗೆದಾಗ ಒಮ್ಮೆ, ಮತ್ತೆರಡು ದಿನ ಬಿಟ್ಟು ಇನ್ನೊಮ್ಮೆ ನೋಡುತ್ತಾರೆ. ಚಿಕ್ಕಮ್ಮನ ಬೆನ್ನಲ್ಲಿ ಬೇರೆಲ್ಲ ಜಾಗ ಸ್ವಚ್ಛವಾಗಿತ್ತು, ಪಿಪಿಡಿಯ ಜಾಗದಲ್ಲಿ ಮಾತ್ರ ನಾಣ್ಯದಗಲ ಕೆಂಪಗೆ ಉಬ್ಬಿ ಮೇಲೆ ಸಣ್ಣ ನೀರುಗುಳ್ಳೆ.

ಡೈ ಪ್ಯಾಕೆಟ್ಟುಗಳ ಮೇಲೆ 48 ಗಂಟೆ ಮೊದಲು ಕಿವಿಯ ಹಿಂದೆಯೋ ಮೊಣಕೈ ಒಳಮಡಿಕೆಯಲ್ಲೋ ಹಚ್ಚಿ ನೋಡಿ ಎಂದು ಬರೆದಿರುತ್ತದಲ್ಲ, ಅದನ್ನು ಪ್ರತಿ ಸಲವೂ ಮಾಡಬೇಕು, ಹಿಂದಿನ ಸಲ ಪಾಸಾದೆವೆಂದು ಬಿಡಬಾರದು. ಹಾಗೆಂದು ಅದನ್ನೇ ಪೂರ್ತಿ ನಂಬಲೂ ಆಗದು. ಅಲರ್ಜಿ ಇದ್ದೂ ಸಣ್ಣ ಜಾಗದಲ್ಲಿ ತೋರಿಸದಿರಬಹುದು. ಒಮ್ಮೆ ಕಡಿತ ಬಂದವರಂತೂ "ಸ್ವಲ್ಪ ಹಚ್ಚಿ ನೋಡೋಣ" ಎಂಬ ಆಟಕ್ಕೆ ಹೋಗಲೇಬಾರದು. ಅವರ ಪರೀಕ್ಷೆ ಡಾಕ್ಟರ ಬಳಿಯೇ ಆಗಬೇಕು.

ಕೂದಲಿನಿಂದ ಒಂದು ಹೆಜ್ಜೆ ಆಚೆಗೆ ಹೋಗಿ ಕೈಗೆ ಹಾಕುವ ಕಪ್ಪು ಮೆಹಂದಿಯನ್ನೂ ಹೇಳಲೇಬೇಕು, ಏಕೆಂದರೆ ಅನೇಕರಿಗೆ ಅಲರ್ಜಿ ಹುಟ್ಟುವುದೇ ಅಲ್ಲಿ. ಚಿತ್ತಾರ ಗಂಟೆಯೊಳಗೆ ಕಪ್ಪಾಗಲೆಂದು ಅದಕ್ಕೂ ಪಿಪಿಡಿ ಬೆರೆಸುತ್ತಾರೆ. ಐರೋಪ್ಯ ಒಕ್ಕೂಟದ ನಿಯಮದ ಪ್ರಕಾರ ಪಿಪಿಡಿ ಬಳಸಬಹುದಾದ್ದು ತಲೆಗೂದಲಿನ ಬಣ್ಣದಲ್ಲಿ ಮಾತ್ರ, ಅದೂ ಹಚ್ಚುವ ಮಿಶ್ರಣದಲ್ಲಿ ಶೇ 2 ಮೀರದಂತೆ. ಕಪ್ಪು ಮೆಹಂದಿಯ ಚಿತ್ತಾರಗಳಲ್ಲಿ ಇದರ ಹಲವು ಪಟ್ಟು ಪ್ರಮಾಣ ಪರೀಕ್ಷೆಗಳಲ್ಲಿ ಸಿಕ್ಕಿದೆ. ಡೈಯನ್ನಾದರೂ ಅರ್ಧ ಗಂಟೆಗೆ ತೊಳೆಯುತ್ತೇವೆ, ಚಿತ್ತಾರ ಚರ್ಮದ ಮೇಲೇ ಒಣಗುತ್ತದೆ. ಶರೀರಕ್ಕೆ ಅಲರ್ಜಿ ಕಲಿಸಲು ಇದಕ್ಕಿಂತ ಪಕ್ಕಾ ವಿಧಾನ ಇನ್ನೊಂದಿಲ್ಲ. ಒಂದೆರಡು ವಾರದಲ್ಲಿ ಹಾಕಿದ ಬಳ್ಳಿ, ಹೂವಿನ ಆಕಾರದಲ್ಲೇ ಚರ್ಮ ಉಬ್ಬಿ ಗುಳ್ಳೆ ಬರುತ್ತದೆ, ವಾಸಿಯಾದ ಮೇಲೂ ಅದೇ ಆಕಾರದ ಬಿಳಿಚಿದ ಗುರುತು ತಿಂಗಳುಗಟ್ಟಲೆ, ಕೆಲವೊಮ್ಮೆ ಶಾಶ್ವತವಾಗಿ ಉಳಿಯುತ್ತದೆ. ಮಕ್ಕಳ ಕೈಗೆ ಹಾಕಿಸಿದ್ದರೆ ಆ ಮಗು ದೊಡ್ಡದಾಗಿ ಹತ್ತು ಹದಿನೈದು ವರ್ಷದ ನಂತರ ಮೊದಲ ಸಲ ಹೇರ್ ಡೈ ಹಚ್ಚಿದಾಗ ಮುಖವೇ ಊದಿಕೊಳ್ಳಬಹುದು. ಐರೋಪ್ಯ ದೇಶಗಳಲ್ಲಿ ಮಾರುವ ಡೈ ಪ್ಯಾಕೆಟ್ಟುಗಳ ಮೇಲೆ, ಹಿಂದೆ ಕಪ್ಪು ಮೆಹಂದಿ ಚಿತ್ತಾರದಿಂದ ತೊಂದರೆ ಆಗಿದ್ದವರು ಇದನ್ನು ಬಳಸಬಾರದೆಂಬ ಎಚ್ಚರಿಕೆ ಕಡ್ಡಾಯವಾಗಿ ಇರುವುದು ಇದೇ ಕಾರಣಕ್ಕೆ. ಅಮೆರಿಕದ ಸಂಪರ್ಕ ಚರ್ಮರೋಗ ತಜ್ಞರ ಸಂಘ 2006ರಲ್ಲಿ ಪಿಪಿಡಿಯನ್ನೇ ಆ ವರ್ಷದ ಅಲರ್ಜಿಕಾರಕ ಎಂದು ಹೆಸರಿಸಿ ಗಮನ ಸೆಳೆಯಿತು.

ಕೊಳ್ಳುವಾಗ ಏನು ನೋಡಬೇಕೆಂದು ಈಗ ನೀವೇ ಊಹಿಸಬಹುದು. ಮುಂಭಾಗದ ಎಲೆಯ ಚಿತ್ರ, "ಹರ್ಬಲ್" ಎಂಬ ಮಾತು ಏನನ್ನೂ ಹೇಳುವುದಿಲ್ಲ. ಹಿಂಭಾಗದ ಪಟ್ಟಿಯಲ್ಲಿ ಲಾಸೋನಿಯಾ ಇನರ್ಮಿಸ್ ಒಂದೇ ಹೆಸರಿದ್ದರೆ ಸರಿ. ಪಿಪಿಡಿ ನಾನಾ ವೇಷದಲ್ಲಿ ಬರುತ್ತದೆ: ಪಿ-ಫಿನೈಲೀನ್‌ಡಯಮೀನ್, ಪ್ಯಾರಾ-ಡಯಾಮಿನೋಬೆಂಜೀನ್, 1,4-ಬೆಂಜೀನ್‌ಡಯಮೀನ್, ಸಿಐ 76060. "ಪಿಪಿಡಿ ಇಲ್ಲ" ಎಂದು ಬರೆದ ಡೈಗಳಲ್ಲಿ ಅದರ ಬದಲಿಗೆ ಟಾಲ್ವೀನ್-2,5-ಡಯಮೀನ್ ಇರುವುದುಂಟು. ಅದು ಪಿಪಿಡಿಯ ಹತ್ತಿರದ ನೆಂಟ, ಪಿಪಿಡಿ ಆಗದ ಅನೇಕರಿಗೆ ಅದೂ ಆಗುವುದಿಲ್ಲ. ಪಟ್ಟಿಯೇ ಇಲ್ಲದ, ಸಡಿಲವಾಗಿ ತೂಗಿ ಕೊಡುವ "ಕಪ್ಪು" ಪುಡಿಯನ್ನು ಮುಟ್ಟಲೇಬೇಡಿ. ಕಂದು, ಬರ್ಗಂಡಿ ಎಂದು ಮಾರುವ ಮೆಹಂದಿಗಳಲ್ಲೂ ಇವೇ ಇರಬಹುದು, ಹೆಸರು ಕಪ್ಪು ಅಲ್ಲ ಎಂದ ಮಾತ್ರಕ್ಕೆ ನಿರಾಳವಾಗಬೇಡಿ.

ಶುದ್ಧ ಮೆಹಂದಿಗೆ ಅಲರ್ಜಿ ಆಗುವುದೇ ಇಲ್ಲವೆಂದಲ್ಲ, ಬಹಳ ಅಪರೂಪ. ಪುಡಿಯ ಧೂಳು ಉಸಿರಿಗೆ ಹೋಗಿ ಸೀನು, ಉಬ್ಬಸ ಬರುವವರಿದ್ದಾರೆ, ಅವರು ಜರಡಿ ಹಿಡಿಯುವಾಗ ಮೂಗಿಗೆ ಬಟ್ಟೆ ಕಟ್ಟಿಕೊಳ್ಳಬೇಕು. ನಿಜಕ್ಕೂ ಹುಷಾರಾಗಿರಬೇಕಾದ್ದು ಜಿ6ಪಿಡಿ ಎಂಬ ಕಿಣ್ವದ ಕೊರತೆ ಇರುವವರು. ಹುಟ್ಟಿನಿಂದ ಬರುವ ಈ ಕೊರತೆ ಇದ್ದವರಲ್ಲಿ ಲಾಸೋನ್ ಚರ್ಮದ ಮೂಲಕ ಒಳಸೇರಿ ಕೆಂಪು ರಕ್ತಕಣಗಳನ್ನು ಒಡೆಯಬಲ್ಲದು. ದೊಡ್ಡವರಿಗಿಂತ ಎಳೆ ಮಕ್ಕಳಿಗೆ ಅಪಾಯ ಹೆಚ್ಚು, ಜೀವಕ್ಕೇ ಕುತ್ತು ಬಂದ ಉದಾಹರಣೆಗಳಿವೆ. ಎಷ್ಟೇ ಶುದ್ಧ ಮೆಹಂದಿಯಾದರೂ ಹಸುಗೂಸಿನ ತಲೆಗೆ, ಕೈಕಾಲಿಗೆ ಬೇಡ.

ಚಿಕ್ಕಮ್ಮ ಈಗ ಬರೀ ಎಲೆಪುಡಿ ಹಚ್ಚುತ್ತಾರೆ. ಮೊದಲ ಸಲ ಮೊಣಕೈ ಒಳಗೆ ನಾಣ್ಯದಗಲ ಹಚ್ಚಿ, ಎರಡು ಗಂಟೆಗೆ ತೊಳೆದು, ಮೂರು ದಿನ ಕಾದು, ಕಿತ್ತಳೆ ಗುರುತು ಬಿಟ್ಟು ಇನ್ನೇನೂ ಇಲ್ಲವೆಂದು ಖಾತ್ರಿಯಾದ ಮೇಲೆಯೇ ತಲೆಗೆ ಹಚ್ಚಿದರು. ಕಿವಿಯ ಬಳಿಯ ಬಿಳಿ ಕೂದಲು ತಾಮ್ರದ ಎಳೆಗಳಂತೆ ಕಾಣುತ್ತವೆ. ಪರ್ಸಿನಲ್ಲಿ ಡಾಕ್ಟರು ಬರೆದುಕೊಟ್ಟ ಚೀಟಿಯೊಂದು ಸದಾ ಇರುತ್ತದೆ, ಏಕೆಂದರೆ ಪಿಪಿಡಿ ಕಲಿತ ಶರೀರ ಅದನ್ನು ಹೋಲುವ ಬೇರೆ ಅಣುಗಳಿಗೂ ತಿರುಗಿಬೀಳಬಹುದು: ಗಾಢ ಬಣ್ಣದ ಸಿಂಥೆಟಿಕ್ ಬಟ್ಟೆಗಳ ಕೆಲವು ಬಣ್ಣಗಳು, ಕಪ್ಪು ರಬ್ಬರಿನಲ್ಲಿ ಬಳಸುವ ಕೆಲವು ವಸ್ತುಗಳು, ಮರಗಟ್ಟಿಸಲು ಹಚ್ಚುವ ಬೆಂಜೊಕೇನ್. ಕಳೆದ ತಿಂಗಳು ಹಲ್ಲು ಕೀಳಿಸಲು ಹೋದಾಗ ಇಂಜೆಕ್ಷನ್ನಿಗೆ ಮೊದಲು ಒಸಡಿಗೆ ಹಚ್ಚಲು ದಂತವೈದ್ಯರು ಜೆಲ್ ತೆಗೆದರಂತೆ. ಚಿಕ್ಕಮ್ಮ ಬಾಯಿ ಮುಚ್ಚಿ ಚೀಟಿ ಮುಂದೆ ಹಿಡಿದರು. ಅವರು ಓದಿ, ಟ್ಯೂಬು ತಿರುಗಿಸಿ ನೋಡಿ, "ಇದರಲ್ಲಿ ಬೆಂಜೊಕೇನೇ ಇರೋದು, ಒಳ್ಳೇದಾಯ್ತು ಹೇಳಿದ್ದು" ಎಂದು ಅದನ್ನು ಒಳಗಿಟ್ಟು ಲಿಗ್ನೊಕೇನ್ ಜೆಲ್ ತೆಗೆದುಕೊಂಡರು.